ಶಿಕ್ಷಣ ಸಾಲ: ಬಡ್ಡಿ ಅಸಲಿಗೆ ಸೇರುವ ದಿನಕ್ಕೆ ಮುಂಚೆ ಹಾಕಬೇಕಾದ ಲೆಕ್ಕ

ಮಂಜೂರಾತಿ ಪತ್ರದಲ್ಲಿ ಸಾಲ 6 ಲಕ್ಷ ಎಂದು ಬರೆದಿರುತ್ತದೆ. ಐದು ವರ್ಷ ಕಳೆದು ಮೊದಲ ಕಂತು ಕಟ್ಟುವ ಹೊತ್ತಿಗೆ ಬ್ಯಾಂಕು 8 ಲಕ್ಷಕ್ಕೂ ಮೀರಿದ ಬಾಕಿ ತೋರಿಸುತ್ತದೆ. ಬಹುತೇಕ ಮನೆಗಳಲ್ಲಿ ಗಾಬರಿ ಶುರುವಾಗುವುದು ಆಗಲೇ. ಬ್ಯಾಂಕು ಮೋಸ ಮಾಡಿರುವುದಿಲ್ಲ. ಓದುವ ಅವಧಿಯಲ್ಲೂ ಬಡ್ಡಿ ಲೆಕ್ಕವಾಗುತ್ತಲೇ ಇತ್ತು, ಮೊರಟೋರಿಯಂ ಮುಗಿದ ದಿನ ಅದು ಅಸಲಿಗೆ ಸೇರಿಕೊಂಡಿತು, ಅಷ್ಟೆ. ಮೊರಟೋರಿಯಂ ಎಂದರೆ ಕಂತಿಗೆ ರಜೆ, ಬಡ್ಡಿಗೆ ರಜೆಯಲ್ಲ.

ಆ ಸೇರುವ ದಿನ ಯಾವುದು, ಅಂದು ಎಷ್ಟು ಸೇರುತ್ತದೆ ಎಂಬೆರಡನ್ನೂ ಸಾಲ ಪಡೆದ ವಾರವೇ ಮನೆಯಲ್ಲಿ ಕೂತು ಕಂಡುಹಿಡಿಯಬಹುದು. ಮರುಪಾವತಿಯ ಯೋಜನೆಯೆಲ್ಲ ನಿಂತಿರುವುದು ಈ ಎರಡರ ಮೇಲೆ. ಇಲ್ಲಿ ತೆಗೆದುಕೊಂಡಿರುವುದು ಕರ್ನಾಟಕದ ಕಾಲೇಜೊಂದರಲ್ಲಿ ನಾಲ್ಕು ವರ್ಷದ ಬಿಇ ಓದಲು ಸರ್ಕಾರಿ ಬ್ಯಾಂಕಿನಲ್ಲಿ ಪಡೆದ ಸಾಲದ ಮಾದರಿ. ನಿಮ್ಮ ಅಂಕಿಗಳನ್ನು ಅದೇ ಜಾಗದಲ್ಲಿಟ್ಟು ನೋಡಿ.

ಮೊದಲ ಹೆಜ್ಜೆ: ಪತ್ರದಿಂದ ಐದು ಸಂಗತಿ ಬರೆದುಕೊಳ್ಳಿ

ಮೊದಲನೆಯದು ಮಂಜೂರಾದ ಮೊತ್ತ, ಅದರ ಪಕ್ಕದಲ್ಲೇ ನಿಜವಾಗಿ ಬಿಡುಗಡೆಯಾಗುವ ಕಂತುಗಳು. ಬಡ್ಡಿ ಹುಟ್ಟುವುದು ಬಿಡುಗಡೆಯಾದ ಹಣಕ್ಕೆ ಮಾತ್ರ. ಎರಡನೆಯ ವರ್ಷ ವಿದ್ಯಾರ್ಥಿವೇತನ ಬಂದು ಶುಲ್ಕ ಕಡಿಮೆಯಾದರೆ ಅಷ್ಟು ಹಣ ಬಿಡುಗಡೆಯಾಗದಂತೆ ನೋಡಿಕೊಳ್ಳಿ. ಮಂಜೂರಾಗಿದೆ ಎಂಬ ಕಾರಣಕ್ಕೆ ಪೂರ್ತಿ ತೆಗೆದುಕೊಳ್ಳಬೇಕಿಲ್ಲ. ಸಾಲದ ಜೊತೆ ಜೀವವಿಮೆ ಮಾಡಿಸಿ, ಅದರ ಪ್ರೀಮಿಯಂ ಅನ್ನೂ ಸಾಲದ ಖಾತೆಗೇ ಹಾಕಿದ್ದರೆ ಅದಕ್ಕೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ. ಆ ಮೊತ್ತವನ್ನೂ ಒಂದು ಕಂತೆಂದೇ ಬರೆದುಕೊಳ್ಳಿ.

ಎರಡನೆಯದು ಬಡ್ಡಿ ದರ ಮತ್ತು ಅದು ಯಾವುದಕ್ಕೆ ಕಟ್ಟಿಹಾಕಲ್ಪಟ್ಟಿದೆ ಎಂಬುದು. ಬ್ಯಾಂಕುಗಳ ಬದಲಾಗುವ ದರದ ಶಿಕ್ಷಣ ಸಾಲ ಸಾಮಾನ್ಯವಾಗಿ ರಿಸರ್ವ್ ಬ್ಯಾಂಕಿನ ರೆಪೊ ದರದ ಜೊತೆ ಏರಿಳಿಯುತ್ತದೆ. 2025ರ ಫೆಬ್ರವರಿಯಿಂದ ಡಿಸೆಂಬರ್ ನಡುವೆ ರೆಪೊ 6.50ರಿಂದ 5.25ಕ್ಕೆ ಇಳಿಯಿತು. ಅಂಥ ಸಾಲವಾದರೆ ನಿಮ್ಮ ದರವೂ ಇಳಿದಿರಬೇಕು.

ಮೂರನೆಯದು ಮೊರಟೋರಿಯಂ ಅವಧಿಯಲ್ಲಿ ಸರಳ ಬಡ್ಡಿಯೋ ಚಕ್ರಬಡ್ಡಿಯೋ ಎಂಬುದು. ಇಡೀ ಪತ್ರದಲ್ಲಿ ಇದಕ್ಕಿಂತ ಬೆಲೆಬಾಳುವ ಸಾಲಿಲ್ಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ ಕೊಟ್ಟ ಸಾಲಕ್ಕೆ ಓದುವ ಅವಧಿ ಮತ್ತು ಮೊರಟೋರಿಯಂನಲ್ಲಿ ಸರಳ ಬಡ್ಡಿ. ಖಾಸಗಿ ಹಣಕಾಸು ಕಂಪನಿಗಳು ಈ ಮಾದರಿಗೆ ಕಟ್ಟುಬಿದ್ದಿಲ್ಲ. ಅಲ್ಲಿ ತಿಂಗಳ ಚಕ್ರಬಡ್ಡಿ ಇರಬಹುದು, ಓದುವಾಗಲೇ ಬಡ್ಡಿ ಕಟ್ಟಬೇಕೆಂಬ ಷರತ್ತೂ ಇರಬಹುದು.

ನಾಲ್ಕನೆಯದು ಮೊರಟೋರಿಯಂ ಮುಗಿಯುವ ದಿನ. ಮಾದರಿ ಯೋಜನೆಯಲ್ಲಿ ಕೋರ್ಸಿನ ಅವಧಿ, ಅದರ ಮೇಲೆ 1 ವರ್ಷ. ಕೆಲವು ಪತ್ರಗಳಲ್ಲಿ ‘ಅಥವಾ ಕೆಲಸ ಸಿಕ್ಕ 6 ತಿಂಗಳಿಗೆ, ಯಾವುದು ಮೊದಲೋ ಅದು’ ಎಂಬ ಹಳೆಯ ಷರತ್ತು ಇರುತ್ತದೆ. ಹಾಗಿದ್ದರೆ ಕ್ಯಾಂಪಸ್‌ನಲ್ಲೇ ಕೆಲಸ ಸಿಕ್ಕವರಿಗೆ ಕಂತು ಅರ್ಧ ವರ್ಷ ಮುಂಚೆ ಶುರುವಾಗುತ್ತದೆ.

ಐದನೆಯದು ಮರುಪಾವತಿಯ ಅವಧಿ. ಮಾದರಿ ಯೋಜನೆಯಲ್ಲಿ ಇದು ಹೆಚ್ಚೆಂದರೆ 15 ವರ್ಷ. ಪತ್ರದಲ್ಲೇ ಇಎಂಐ ನಮೂದಾಗಿದ್ದರೆ ಅದನ್ನು ಬರೀ ಅಸಲಿಗೆ ಕಟ್ಟಿದ್ದಾರೋ, ಮೊರಟೋರಿಯಂ ಬಡ್ಡಿ ಸೇರಿಸಿ ಕಟ್ಟಿದ್ದಾರೋ ಎಂದು ಕೇಳಿ. 2024ರ ಅಕ್ಟೋಬರ್ ನಂತರದ ಹೊಸ ಸಾಲಗಳಿಗೆ ಪ್ರಮುಖ ಅಂಶಗಳ ಪಟ್ಟಿಯೊಂದನ್ನು ಬ್ಯಾಂಕು ಕೊಡಲೇಬೇಕು. ಕಂತಿನ ವೇಳಾಪಟ್ಟಿ ಅದರಲ್ಲೇ ಇರುತ್ತದೆ.

ಎರಡನೆಯ ಹೆಜ್ಜೆ: ಕಂತು ಕಂತಿಗೂ ಬೇರೆ ಬಡ್ಡಿ

ನಮ್ಮ ಮಾದರಿಯಲ್ಲಿ ಸಾಲ 6,00,000 ರೂಪಾಯಿ. 2022, 2023, 2024, 2025ರ ಆಗಸ್ಟ್ 1ರಂದು ತಲಾ 1,50,000 ಕಾಲೇಜಿಗೆ ಹೋಗಿದೆ. ದರ ಶೇ 10, ಸರಳ ಬಡ್ಡಿ. ಕೋರ್ಸ್ ಮುಗಿಯುವುದು 2026ರ ಜುಲೈ 31ಕ್ಕೆ, ಮೊರಟೋರಿಯಂ 2027ರ ಜುಲೈ 31ಕ್ಕೆ. ಕೈಲೆಕ್ಕಕ್ಕೆ ಸುಲಭವಾಗಲೆಂದು ದರವನ್ನು ಕೊನೆಯವರೆಗೂ ಹತ್ತರಲ್ಲೇ ಇಟ್ಟಿದ್ದೇವೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ 6 ಲಕ್ಷಕ್ಕೆ ಐದು ವರ್ಷದ ಬಡ್ಡಿ ಎಂದು ಒಟ್ಟಿಗೆ ಹಾಕಿ 3 ಲಕ್ಷ ಅಂದುಕೊಳ್ಳುವುದು. ಹಾಗಲ್ಲ. ಮೊದಲ ಕಂತಿಗೆ ಮಾತ್ರ ಐದು ವರ್ಷದ ಬಡ್ಡಿ. ಎರಡನೆಯದಕ್ಕೆ ನಾಲ್ಕು ವರ್ಷ, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಒಂದೂವರೆ ಲಕ್ಷಕ್ಕೆ ವರ್ಷದ ಬಡ್ಡಿ 15,000. ಐದು, ನಾಲ್ಕು, ಮೂರು, ಎರಡು ಸೇರಿದರೆ ಹದಿನಾಲ್ಕು. ಹಾಗಾಗಿ ಬಡ್ಡಿ 2,10,000, ಮೊರಟೋರಿಯಂ ಮುಗಿದ ದಿನದ ಬಾಕಿ 8,10,000 ರೂಪಾಯಿ.

ಬ್ಯಾಂಕು ದಿನದ ಲೆಕ್ಕದಲ್ಲಿ ಹಾಕುತ್ತದೆ. ದರ ನಡುವೆ ಬದಲಾದರೂ, ಹಣ ಬಿಡುಗಡೆಯಾದ ದಿನ ಹಿಂದುಮುಂದಾದರೂ ನೀವೂ ಹಾಗೇ ಹಾಕಬೇಕು. ಒಂದೊಂದು ಕಂತಿಗೆ, ಒಂದೊಂದು ದರ ಇದ್ದ ಅವಧಿಗೆ ಹೀಗೆ ಲೆಕ್ಕ ಮಾಡಿ ಕೊನೆಗೆ ಕೂಡಿ:

```
ಬಡ್ಡಿ = ಬಿಡುಗಡೆಯಾದ ಮೊತ್ತ × ದರ × ದಿನಗಳು / 36500
```

ದರದ ಜಾಗದಲ್ಲಿ 10 ಎಂದಷ್ಟೇ ಬರೆಯಬೇಕು. 2024ರ ಫೆಬ್ರವರಿಗೆ 29 ದಿನ ಇದ್ದುದರಿಂದ ಮೊದಲ ಎರಡು ಕಂತಿಗೆ ಒಂದೊಂದು ದಿನ ಹೆಚ್ಚು ಬರುತ್ತದೆ, ಅಂದರೆ ಒಟ್ಟು 82 ರೂಪಾಯಿ. ಇಂಥ ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೂರನೆಯ ಹೆಜ್ಜೆ: ಬ್ಯಾಂಕಿನ ಅಂಕಿಗೆ ತಾಳೆ ಹಾಕಿ

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ. ನಿಮ್ಮ ಅಂಕಿಗೂ ಅದರ ಅಂಕಿಗೂ ನೂರಿನ್ನೂರು ರೂಪಾಯಿ ಅಂತರವಿದ್ದರೆ ದಿನಗಳ ಲೆಕ್ಕದ್ದು. ಸಾವಿರಗಳಲ್ಲಿದ್ದರೆ ಕಾರಣ ಹುಡುಕಲೇಬೇಕು.

ಮೊದಲು ಅನುಮಾನಿಸಬೇಕಾದುದು ಚಕ್ರಬಡ್ಡಿಯನ್ನು. ನಮ್ಮ ಮಾದರಿಯಲ್ಲೇ ಬಡ್ಡಿಯನ್ನು ತಿಂಗಳು ತಿಂಗಳು ಅಸಲಿಗೆ ಸೇರಿಸುತ್ತ ಹೋಗಿದ್ದರೆ ಕೊನೆಯ ಬಾಕಿ 8,10,000ದ ಬದಲು ಸುಮಾರು 8,55,500 ಆಗುತ್ತಿತ್ತು. ನಲವತ್ತೈದು ಸಾವಿರ ಹೆಚ್ಚು. ಗುರುತಿಸುವುದು ಕಷ್ಟವಲ್ಲ. ಹಣ ಬಿಡುಗಡೆಯಾಗದ, ದರವೂ ಬದಲಾಗದ ಎರಡು ತಿಂಗಳು ಹಿಡಿಯಿರಿ, ಎರಡರಲ್ಲೂ ಅಷ್ಟೇ ದಿನಗಳಿರಲಿ. ಡಿಸೆಂಬರ್ ಮತ್ತು ಜನವರಿ ಸರಿಹೋಗುತ್ತವೆ. ಸರಳ ಬಡ್ಡಿಯಾದರೆ ಎರಡು ತಿಂಗಳ ಬಡ್ಡಿಯೂ ಒಂದೇ. ಜನವರಿಯದು ಡಿಸೆಂಬರಿನದಕ್ಕಿಂತ ಒಂದಿಷ್ಟು ಹೆಚ್ಚಿದ್ದರೆ ಬಡ್ಡಿಗೂ ಬಡ್ಡಿ ಬೀಳುತ್ತಿದೆ. ಪತ್ರದಲ್ಲಿ ಸರಳ ಬಡ್ಡಿ ಎಂದಿದ್ದೂ ಹೀಗಾಗಿದ್ದರೆ, ಆ ಸಾಲಿಗೆ ಗುರುತು ಹಾಕಿ ಸ್ಟೇಟ್‌ಮೆಂಟ್ ಜೊತೆ ಶಾಖೆಗೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದದ್ದು ದೂರು ಎನಿಸಿಕೊಳ್ಳುವುದಿಲ್ಲ.

ಇನ್ನೊಂದು ಕಾರಣ, ಬರಬೇಕಾದ ಬಡ್ಡಿ ಸಹಾಯಧನ ಬಾರದಿರುವುದು. ಮನೆಯ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಕಾಲೇಜು ಮತ್ತು ಕೋರ್ಸ್ ಅರ್ಹವಾಗಿದ್ದರೆ ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯಲ್ಲಿ ಮೊರಟೋರಿಯಂ ಬಡ್ಡಿ ಪೂರ್ತಿ ಸರ್ಕಾರದ್ದು. ಇದರ ನೋಡಲ್ ಬ್ಯಾಂಕ್ ನಮ್ಮ ಬೆಂಗಳೂರಿನ ಕೆನರಾ ಬ್ಯಾಂಕ್. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಕಾಲೇಜುಗಳಲ್ಲಿ ಓದುವವರಿಗೆ, 8 ಲಕ್ಷದೊಳಗಿನ ಆದಾಯವಿದ್ದರೆ 10 ಲಕ್ಷದವರೆಗಿನ ಸಾಲದ ಮೊರಟೋರಿಯಂ ಬಡ್ಡಿಯಲ್ಲಿ ಶೇ 3ರಷ್ಟು ರಿಯಾಯಿತಿ ಇದೆ. ಆದಾಯ ಪ್ರಮಾಣಪತ್ರ ಕೊಟ್ಟಿಲ್ಲದಿದ್ದರೆ ಅಥವಾ ಶಾಖೆ ಕ್ಲೇಮು ಕಳಿಸದಿದ್ದರೆ ಹಣ ಬರುವುದಿಲ್ಲ, ಯಾರೂ ನಿಮಗೆ ತಿಳಿಸುವುದೂ ಇಲ್ಲ. ಸ್ಟೇಟ್‌ಮೆಂಟಿನಲ್ಲಿ ಸಹಾಯಧನದ ಜಮೆ ಕಾಣದಿದ್ದರೆ ಕ್ಲೇಮು ಹೋಗಿದೆಯೇ, ಯಾವ ವರ್ಷದ್ದು ಎಂದು ಕೇಳಿ. ಈ ವಿಚಾರಣೆ ಓದು ಮುಗಿಯುವ ಮುಂಚೆಯೇ ಆಗಬೇಕು.

ನಾಲ್ಕನೆಯ ಹೆಜ್ಜೆ: ಓದುವಾಗಲೇ ಬಡ್ಡಿ ಕಟ್ಟಬೇಕೇ?

‘ಆಗಾಗ ಬಡ್ಡಿ ಕಟ್ಟುತ್ತ ಬನ್ನಿ, ಭಾರ ಕಡಿಮೆಯಾಗುತ್ತದೆ’ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಇದು ಯಾವಾಗಲೂ ನಿಜವಲ್ಲ.

ಚಕ್ರಬಡ್ಡಿಯ ಸಾಲವಾದರೆ ನಿಜ. ಎಷ್ಟು ಬೇಗ ಕಟ್ಟಿದರೆ ಅಷ್ಟು ಉಳಿತಾಯ, ಹಣವಿದ್ದರೆ ಎರಡನೆಯ ಯೋಚನೆ ಬೇಡ. ಸರಳ ಬಡ್ಡಿಯ ಸಾಲದಲ್ಲಿ ಕಟ್ಟದೆ ಉಳಿದ ಬಡ್ಡಿ ಮರಿ ಹಾಕುವುದಿಲ್ಲ. 2023ರಲ್ಲಿ ಹುಟ್ಟಿದ 15,000 ರೂಪಾಯಿ ಬಡ್ಡಿ 2027ರ ಜುಲೈವರೆಗೂ 15,000 ಆಗಿಯೇ ಇರುತ್ತದೆ. ಅದನ್ನು 2023ರಲ್ಲಿ ಕಟ್ಟಿದರೂ, ಅಸಲಿಗೆ ಸೇರುವ ಹಿಂದಿನ ವಾರ ಕಟ್ಟಿದರೂ ಬ್ಯಾಂಕಿನ ಲೆಕ್ಕದಲ್ಲಿ ಒಂದೇ. ಸೇರಿದ ಮರುದಿನದಿಂದ ಮಾತ್ರ ಕಥೆ ಬೇರೆ.

ಬೇಗ ಕಟ್ಟಲು ಒಂದು ಒಳ್ಳೆಯ ಕಾರಣವಿದೆ. ಬಡ್ಡಿಯನ್ನು ತಪ್ಪದೆ ಕಟ್ಟುವವರಿಗೆ ದರದಲ್ಲಿ ಶೇ 1ರಷ್ಟು ರಿಯಾಯಿತಿ ಕೊಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ನಿಮ್ಮ ಪತ್ರದಲ್ಲಿ ಅದಿದೆಯೇ, ಇದ್ದರೆ ಮೊರಟೋರಿಯಂಗೆ ಮಾತ್ರವೋ ಸಾಲದ ಪೂರ್ತಿ ಅವಧಿಗೋ ನೋಡಿ. ಮೊರಟೋರಿಯಂಗೆ ಮಾತ್ರ ಎಂದರೆ ನಮ್ಮ ಮಾದರಿಯಲ್ಲಿ ಉಳಿಯುವುದು 21,000 ರೂಪಾಯಿ.

ಇದರ ಎದುರಿಗೆ ಇನ್ನೊಂದು ದಾರಿ ಇಡೋಣ. ರಿಯಾಯಿತಿ ಇಲ್ಲದೆ ಬಡ್ಡಿ ಕಟ್ಟುವುದಾದರೆ ಮೊದಲ ವರ್ಷ ತಿಂಗಳಿಗೆ 1,250, ಎರಡನೆಯ ವರ್ಷ 2,500, ಮೂರನೆಯ ವರ್ಷ 3,750, ಕೊನೆಯ ಎರಡು ವರ್ಷ 5,000 ಬೇಕು. ಇದೇ ಹಣವನ್ನು ಬ್ಯಾಂಕಿಗೆ ಕಟ್ಟದೆ ಆರ್‌ಡಿಯಲ್ಲಿ ಹಾಕುತ್ತ ಬಂದರೆ, ಶೇ 6ರ ದರ ಸಿಕ್ಕಿತೆಂದು ಹಿಡಿದರೂ, ಐದು ವರ್ಷದಲ್ಲಿ 24,000 ರೂಪಾಯಿಗೂ ಮೇಲೆ ಬಡ್ಡಿ ನಿಮಗೇ ಬರುತ್ತದೆ. 2027ರ ಜುಲೈನಲ್ಲಿ ಅದನ್ನು ಮುರಿಸಿ 2,10,000 ಒಂದೇ ಸಲ ಕಟ್ಟಿಬಿಡಬಹುದು. ನಡುವೆ ಮನೆಯಲ್ಲಿ ಆಸ್ಪತ್ರೆಯ ಖರ್ಚು ಬಂದರೆ ಹಣ ನಿಮ್ಮ ಕೈಯಲ್ಲೇ ಇರುತ್ತದೆ, ಇದನ್ನು ಕಡೆಗಣಿಸಬೇಡಿ.

ಹಾಗಾಗಿ ನಮ್ಮ ಅಭಿಪ್ರಾಯ ಇದು. ಪೂರ್ತಿ ಅವಧಿಗೆ ರಿಯಾಯಿತಿ ಸಿಗುವುದಾದರೆ ತಿಂಗಳು ತಿಂಗಳು ಬಡ್ಡಿ ಕಟ್ಟಿ. ರಿಯಾಯಿತಿಯೇ ಇಲ್ಲದಿದ್ದರೆ ಆರ್‌ಡಿ ವಾಸಿ. ಮೊರಟೋರಿಯಂಗೆ ಮಾತ್ರ ಇದ್ದರೆ ಎರಡೂ ಹತ್ತಿರ ಹತ್ತಿರ. ಕೂಡಿಟ್ಟ ಹಣ ಹಬ್ಬಕ್ಕೋ ಮದುವೆಗೋ ಕರಗಿಹೋಗುವ ಮನೆಯಾದರೆ ಬ್ಯಾಂಕಿಗೇ ಕಟ್ಟಿಬಿಡಿ. ಬಡ್ಡಿ ಪೂರ್ತಿ ಸಹಾಯಧನದಲ್ಲಿ ತೀರುವವರು ಎರಡನ್ನೂ ಬಿಟ್ಟು ಕ್ಲೇಮಿನ ಬೆನ್ನು ಹತ್ತಬೇಕು.

ಐದನೆಯ ಹೆಜ್ಜೆ: ಕೊನೆಯ ವರ್ಷದ ಹನ್ನೆರಡು ತಿಂಗಳು

ಮೊದಲ ಸಂಬಳ ಬಂದು ಕಂತು ಇನ್ನೂ ಶುರುವಾಗದ ಈ ಅವಧಿಯೇ ಇಡೀ ಸಾಲದಲ್ಲಿ ಅತ್ಯಂತ ಲಾಭದ ಸಮಯ. ಬಹಳ ಜನ ಇದನ್ನು ಸುಮ್ಮನೆ ಕಳೆದುಬಿಡುತ್ತಾರೆ.

2,10,000 ಪೂರ್ತಿ ಕಟ್ಟಿದರೆ ಏನಾಗುತ್ತದೆ ನೋಡಿ. ಬಾಕಿ 8,10,000 ಇದ್ದಾಗ 10 ವರ್ಷಕ್ಕೆ ಇಎಂಐ 10,704. ಬಾಕಿ 6,00,000ಕ್ಕೆ ನಿಂತರೆ 7,929. ತಿಂಗಳಿಗೆ 2,775ರಂತೆ 120 ತಿಂಗಳಲ್ಲಿ 3,33,000 ರೂಪಾಯಿ ಕಡಿಮೆ. ಅಂದರೆ ಆ 2,10,000ವನ್ನು ಅಸಲಿಗೆ ಸೇರಲು ಬಿಟ್ಟರೆ ಅದರ ಮೇಲೆ ಇನ್ನೂ 1,23,000 ತೆರಬೇಕಾಗುತ್ತದೆ.

ಅಷ್ಟು ಹಣ ಎಲ್ಲರ ಬಳಿ ಇರುವುದಿಲ್ಲ. 2026ರ ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಸೇರಿ, ಅಕ್ಟೋಬರಿನಿಂದ ಜುಲೈವರೆಗೆ ತಿಂಗಳಿಗೆ 10,000ದಂತೆ 1,00,000 ಕಟ್ಟಿದಿರಿ ಎನ್ನೋಣ. ಬಾಕಿ 7,10,000. ಈಗ ಬ್ಯಾಂಕಿಗೆ ಇಎಂಐ ಇಳಿಸಬೇಡಿ, ಮೊದಲಿನ 10,704 ಇರಲಿ ಎಂದರೆ ಸಾಲ 120 ತಿಂಗಳ ಬದಲು 97 ತಿಂಗಳಿಗೆ ಮುಗಿಯುತ್ತದೆ. ಸುಮಾರು 1,46,000 ರೂಪಾಯಿ ಬಡ್ಡಿ ಉಳಿಯುತ್ತದೆ. ಇನ್ನೊಂದು ಲಾಭ, ಹತ್ತು ಸಾವಿರವನ್ನು ಬದಿಗಿಟ್ಟು ತಿಂಗಳು ನಡೆಯುತ್ತದೆಯೇ ಎಂಬುದು ಕಂತು ಕಡ್ಡಾಯವಾಗುವ ಮುಂಚೆಯೇ ತಿಳಿದಿರುತ್ತದೆ.

ಹಣವನ್ನು ಸಾಲದ ಖಾತೆಯ ಸಂಖ್ಯೆಗೇ ಕಟ್ಟಿ. ಉಳಿತಾಯ ಖಾತೆಯಲ್ಲಿ ಬಿಟ್ಟು ಬ್ಯಾಂಕೇ ತೆಗೆದುಕೊಳ್ಳುತ್ತದೆ ಎಂದು ಕೂತರೆ ಮೊರಟೋರಿಯಂನಲ್ಲಿ ಅದು ತೆಗೆದುಕೊಳ್ಳುವುದಿಲ್ಲ. ಕೊನೆಯ ಪಾವತಿಯನ್ನು ಜುಲೈ 31ಕ್ಕೆ ಇಡದೆ ಒಂದು ವಾರ ಮುಂಚೆ ಮಾಡಿ, ಜಮೆಯಾದದ್ದನ್ನು ಸ್ಟೇಟ್‌ಮೆಂಟಿನಲ್ಲಿ ನೋಡಿ. ದಿನ ತಪ್ಪಿ ಆಗಸ್ಟ್ 2ಕ್ಕೆ ಜಮೆಯಾದರೆ ಅಷ್ಟರಲ್ಲಿ ಬಡ್ಡಿ ಅಸಲಾಗಿರುತ್ತದೆ, ಇಎಂಐ ದೊಡ್ಡ ಬಾಕಿಗೇ ಕಟ್ಟಲ್ಪಟ್ಟಿರುತ್ತದೆ.

ಬ್ಯಾಕ್‌ಲಾಗ್ ಉಳಿದು ಕೋರ್ಸ್ ಮುಂದಕ್ಕೆ ಹೋದವರು ಕಾಲೇಜಿನ ಪತ್ರದೊಂದಿಗೆ ಶಾಖೆಗೆ ಬರೆದು ತಿಳಿಸಬೇಕು. ಮಾದರಿ ಯೋಜನೆಯಲ್ಲಿ ಎರಡು ವರ್ಷದವರೆಗೆ ವಿಸ್ತರಣೆಗೆ ಅವಕಾಶವಿದೆ. ತಿಳಿಸದಿದ್ದರೆ ಬ್ಯಾಂಕಿನ ಕಂಪ್ಯೂಟರ್ ಮೂಲ ದಿನಕ್ಕೇ ಕಂತು ಶುರುಮಾಡುತ್ತದೆ.

ಆರನೆಯ ಹೆಜ್ಜೆ: ಅವಧಿ ಆರಿಸುವುದು

8,10,000ಕ್ಕೆ, ಶೇ 10ರ ದರದಲ್ಲಿ, ಮೂರು ದಾರಿಗಳು ಹೀಗಿವೆ.

| ಅವಧಿ | ಇಎಂಐ | ಕಂತುಗಳಲ್ಲಿ ಕಟ್ಟುವ ಬಡ್ಡಿ |
|---|---|---|
| 7 ವರ್ಷ | 13,447 | ಸುಮಾರು 3,19,500 |
| 10 ವರ್ಷ | 10,704 | ಸುಮಾರು 4,74,500 |
| 15 ವರ್ಷ | 8,704 | ಸುಮಾರು 7,56,800 |

ನಿಮ್ಮ ಅಂಕಿಗೆ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಈ ಎರಡು ಸೂತ್ರ ಸಾಕು. ಮೊದಲನೆಯದು ಇಎಂಐ ಕೊಡುತ್ತದೆ, ಎರಡನೆಯದು ನೀವು ಹೇಳಿದ ಕಂತಿಗೆ ಎಷ್ಟು ತಿಂಗಳು ಬೇಕೆಂದು ಹೇಳುತ್ತದೆ.

```
=PMT(10%/12,120,-810000)
=NPER(10%/12,-10704,710000)
```

ಪಟ್ಟಿ ನೋಡಿದರೆ 15 ವರ್ಷ ದುಬಾರಿ, 10 ವರ್ಷಕ್ಕಿಂತ 2,82,000 ಹೆಚ್ಚು. ಆದರೂ ಕೆಲಸ ಇನ್ನೂ ಗಟ್ಟಿಯಾಗದವರಿಗೆ ನಾವು ಹೇಳುವುದು ಕಾಗದದ ಮೇಲೆ 15 ವರ್ಷ ಇಟ್ಟುಕೊಳ್ಳಿ ಎಂದೇ. ಕಡ್ಡಾಯ ಕಂತು 8,704. ಅದರ ಮೇಲೆ ನೀವಾಗಿ ಪ್ರತಿ ತಿಂಗಳು 2,000 ಸೇರಿಸಿ ಕಟ್ಟಿದರೆ ಸಾಲ ಹತ್ತೇ ವರ್ಷಕ್ಕೆ ಮುಗಿಯುತ್ತದೆ, ಬಡ್ಡಿಯೂ ಹತ್ತು ವರ್ಷದಷ್ಟೇ. ನಡುವೆ ಕೆಲಸ ಹೋದರೆ ಆ 2,000 ನಿಲ್ಲಿಸಬಹುದು, ಯಾರೂ ಕೇಳುವುದಿಲ್ಲ. 10,704 ಕಡ್ಡಾಯವಾಗಿದ್ದರೆ ಆ ಸಲಿಗೆ ಇರುವುದಿಲ್ಲ. ಬದಲಾಗುವ ದರದ ಸಾಲಕ್ಕೆ, ವ್ಯಕ್ತಿಗಳು ವ್ಯಾಪಾರೇತರ ಉದ್ದೇಶಕ್ಕೆ ಪಡೆದದ್ದಾದರೆ, ಮುಂಗಡ ಪಾವತಿಗೆ ದಂಡ ಹಾಕುವಂತಿಲ್ಲ ಎಂಬ ರಿಸರ್ವ್ ಬ್ಯಾಂಕ್ ನಿಯಮ ಇರುವುದರಿಂದಲೇ ಇದು ಸಾಧ್ಯ.

ಹೆಚ್ಚಿಗೆ ಕಟ್ಟಿದ ಹಣವನ್ನು ಬ್ಯಾಂಕು ಮುಂದಿನ ತಿಂಗಳ ಕಂತಿಗೆಂದು ಹಿಡಿದಿಟ್ಟರೆ ಮಾತ್ರ ಯೋಜನೆ ಕೆಡುತ್ತದೆ. ಮೊದಲ ಸಲ ಕಟ್ಟುವಾಗಲೇ ‘ಇದು ಅಸಲಿಗೆ ಭಾಗಶಃ ಪಾವತಿ, ಇಎಂಐ ಹಾಗೇ ಇರಲಿ, ಅವಧಿ ಇಳಿಸಿ’ ಎಂದು ಬರೆದು ಕೊಡಿ. ಆಮೇಲೆ ಪರೀಕ್ಷಿಸಿ. 8,10,000ದ ಮೇಲೆ ಮೊದಲ ತಿಂಗಳ ಬಡ್ಡಿ 6,750. 8,704 ಕಟ್ಟಿದರೆ ಅಸಲು ಇಳಿಯುವುದು 1,954 ಮಾತ್ರ, 2,000 ಸೇರಿಸಿದರೆ 3,954. ಸ್ಟೇಟ್‌ಮೆಂಟಿನಲ್ಲಿ ಮರುತಿಂಗಳ ಬಾಕಿ ಸುಮಾರು 8,06,046 ತೋರಿಸಬೇಕು. 8,08,046 ಇದ್ದರೆ ನಿಮ್ಮ ಎರಡು ಸಾವಿರ ಬೇರೆಲ್ಲೋ ಕೂತಿದೆ.

ಕಂತು ಶುರುವಾದ ಮೇಲೆ

ಇಎಂಐ ದಿನಾಂಕವನ್ನು ಸಂಬಳ ಬರುವ ದಿನಕ್ಕಿಂತ ಮೂರ್ನಾಲ್ಕು ದಿನ ಆಚೆಗೆ ಇಡಿಸಿಕೊಳ್ಳಿ. ಸ್ವಯಂ ಪಾವತಿಯ ಆದೇಶ ತಿರಸ್ಕೃತವಾದರೆ ಎರಡೂ ಕಡೆಯ ಬ್ಯಾಂಕು ಶುಲ್ಕ ಹಾಕಬಹುದು. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಸಹ-ಸಾಲಗಾರರಾದ ಅಪ್ಪ ಅಮ್ಮನ ಸಿಬಿಲ್ ದಾಖಲೆಗೂ ಅದು ಅಂಟಿಕೊಳ್ಳುತ್ತದೆ. ಕಟ್ಟಲಾಗದ ಪರಿಸ್ಥಿತಿ ಬಂದರೆ ಮೊದಲ ಕಂತು ತಪ್ಪುವ ಮುಂಚೆಯೇ ಶಾಖೆಗೆ ಅರ್ಜಿ ಕೊಟ್ಟು ಅವಧಿ ಹಿಗ್ಗಿಸಲು ಕೇಳಿ. ಎರಡು ಕಂತು ತಪ್ಪಿದ ಮೇಲೆ ಅದೇ ಮಾತಿಗೆ ಸಿಗುವ ಉತ್ತರ ಬೇರೆಯಾಗಿರುತ್ತದೆ.

ದರ ಏರಿದಾಗ ಕೇಳದೆಯೇ ಅವಧಿ ಬೆಳೆಯಬಹುದು. ಇಎಂಐ ಅಷ್ಟೇ ಇರುವುದರಿಂದ ಗೊತ್ತೇ ಆಗುವುದಿಲ್ಲ. 2023ರ ಆಗಸ್ಟಿನ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ ಇಎಂಐ ಹೆಚ್ಚಿಸುವುದೋ, ಅವಧಿ ಹೆಚ್ಚಿಸುವುದೋ, ಎರಡೂ ಒಂದಿಷ್ಟೋ ಎಂಬ ಆಯ್ಕೆ ಸಾಲಗಾರನದು. ವರ್ಷಕ್ಕೊಮ್ಮೆ ಉಳಿದ ಕಂತುಗಳ ಸಂಖ್ಯೆ ನೋಡಿ, ಹಿಂದಿನ ವರ್ಷಕ್ಕಿಂತ ಹನ್ನೆರಡು ಇಳಿದಿದೆಯೇ ಎಂದು ಎಣಿಸಿ.

ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರಿಗೆ, 80ಇ ಎಂದೇ ಎಲ್ಲರಿಗೂ ಪರಿಚಿತವಾದ ವಿನಾಯಿತಿ ಕಟ್ಟಿದ ಬಡ್ಡಿಗೆ ಸಿಗುತ್ತದೆ, ಅಸಲಿಗಲ್ಲ. ಬಡ್ಡಿ ಕಟ್ಟಲು ಶುರುಮಾಡಿದ ವರ್ಷದಿಂದ ಒಟ್ಟು 8 ವರ್ಷಕ್ಕೆ ಅದು ಮುಗಿಯುತ್ತದೆ. ಸಂಬಳವಿಲ್ಲದ ವಿದ್ಯಾರ್ಥಿ ತನ್ನ ಹೆಸರಲ್ಲೇ ಓದುವಾಗ ಬಡ್ಡಿ ಕಟ್ಟತೊಡಗಿದರೆ ಆ ಎಂಟರಲ್ಲಿ ನಾಲ್ಕು ವರ್ಷ ತೆರಿಗೆಯೇ ಇಲ್ಲದ ಕಾಲದಲ್ಲಿ ಕಳೆದುಹೋಗುತ್ತವೆ. ಈ ವಿನಾಯಿತಿ ಬಳಸುವ ಉದ್ದೇಶವಿದ್ದರೆ ಕೊನೆಯ ವರ್ಷದ ಪಾವತಿಯನ್ನು ಕೆಲಸ ಸಿಕ್ಕ ಆರ್ಥಿಕ ವರ್ಷದಲ್ಲೇ ಶುರುಮಾಡಿ, ಬ್ಯಾಂಕಿನಿಂದ ಬಡ್ಡಿ ಪ್ರಮಾಣಪತ್ರವನ್ನು ಆ ವರ್ಷದಿಂದಲೇ ತೆಗೆದಿಡಿ.